ಸಂದರ್ಶನಕ್ಕೆ ಮೊದಲೇ ‘ನನಗೆ ಕಿವಿ ಸರಿಯಾಗಿ ಕೇಳಿಸದು’ ಎಂದು ಹೇಳಬೇಕೇ? ವಿಕಲಚೇತನ ಅಭ್ಯರ್ಥಿಗಳು ಕೇಳಬಹುದಾದದ್ದೇನು, ಕಂಪನಿಗಳು ಮಾಡಬೇಕಾದದ್ದೇನು?

ಬಿ.ಸಿ.ರೋಡ್, ಉಜಿರೆ, ಮೂಡುಬಿದಿರೆ ಕಡೆಯ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ‘ನೇರ ಸಂದರ್ಶನ, ಬಯೋಡೇಟಾ ಜೊತೆ ಬನ್ನಿ’ ಎಂಬ ಸಂದೇಶಗಳಿಗೆ ಬರವಿಲ್ಲ. ಇಂಥ ಸಂದೇಶ ಬಂದಾಗ ಮನೆಯಲ್ಲಿ ಅಂಗವೈಕಲ್ಯ ಇರುವ ಮಗನೋ ಮಗಳೋ ಇದ್ದರೆ ಎರಡು ಬಗೆಯ ಸಲಹೆಗಳು ಹಿಂದೆಯೇ ಬರುತ್ತವೆ. ಒಂದು, ‘ಮೊದಲೇ ಹೇಳಿದರೆ ಕರೆಯುವುದೇ ಇಲ್ಲ, ಕೆಲಸ ಸಿಕ್ಕಿದ ಮೇಲೆ ಹೇಳು’. ಇನ್ನೊಂದು, ‘ಯುಡಿಐಡಿ ಕಾರ್ಡ್ ತೋರಿಸು, ಖಾಸಗಿಯವರೂ ನೂರಕ್ಕೆ ನಾಲ್ಕು ಕೆಲಸ ಕೊಡಲೇಬೇಕು ಎಂದು ಕಾನೂನಿದೆ’.

ಎರಡೂ ಸಲಹೆ ಒಳ್ಳೆಯ ಮನಸ್ಸಿನಿಂದ ಬಂದವೇ. ಆದರೆ ಎರಡನೆಯದು ತಪ್ಪು, ಮೊದಲನೆಯದು ಅರ್ಧ ಸತ್ಯ. ಸಂದರ್ಶನದ ಮಟ್ಟಿಗೆ ಕಾನೂನು ನಿಜಕ್ಕೂ ಏನು ಕೊಡುತ್ತದೆ, ಅದನ್ನು ಯಾವಾಗ ಯಾವ ಮಾತಿನಲ್ಲಿ ಕೇಳಬೇಕು, ಕೇಳಿದಾಗ ಕಂಪನಿಯವರು ಏನು ಮಾಡಬೇಕು ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

‘ಸಮಂಜಸ ಹೊಂದಾಣಿಕೆ’ ಎಂದರೇನು?

ನಮ್ಮ ದೇಶದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರಲ್ಲಿ ‘ರೀಸನೆಬಲ್ ಅಕಾಮಡೇಷನ್’ ಎಂಬ ಮಾತಿದೆ. ಕನ್ನಡದಲ್ಲಿ ಸಮಂಜಸ ಹೊಂದಾಣಿಕೆ ಎನ್ನಬಹುದು. ಅಂಗವೈಕಲ್ಯ ಇರುವ ವ್ಯಕ್ತಿ ಉಳಿದವರಿಗೆ ಸಮನಾಗಿ ಭಾಗವಹಿಸಲು ಬೇಕಾಗುವ, ಎದುರಿನವರಿಗೆ ಮಿತಿಮೀರಿದ ಹೊರೆಯಾಗದ ಬದಲಾವಣೆ ಎಂಬುದು ಅದರ ಸಾರ. ಇಂಥ ಹೊಂದಾಣಿಕೆಯನ್ನು ನಿರಾಕರಿಸುವುದನ್ನೂ ಈ ಕಾಯ್ದೆ ‘ತಾರತಮ್ಯ’ದ ವ್ಯಾಖ್ಯೆಯೊಳಗೆ ಸೇರಿಸಿದೆ.

ಇಲ್ಲಿ ಒಂದು ವ್ಯತ್ಯಾಸ ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸುಲಭ. ಹೊಂದಾಣಿಕೆ ಎಂದರೆ ಪ್ರಶ್ನೆ ಸುಲಭ ಮಾಡುವುದಲ್ಲ, ಅಂಕ ಜಾಸ್ತಿ ಕೊಡುವುದೂ ಅಲ್ಲ. ಪ್ರಶ್ನೆ ಅಭ್ಯರ್ಥಿಗೆ ತಲುಪುವ ದಾರಿಯನ್ನು ಬದಲಿಸುವುದು. ಲೆಕ್ಕಪತ್ರ ಬರುತ್ತದೆಯೇ ಎಂದು ನೋಡುವ ಸಂದರ್ಶನದಲ್ಲಿ ಪ್ರಶ್ನೆಯೇ ಕೇಳಿಸದಿದ್ದರೆ ಅಲ್ಲಿ ಪರೀಕ್ಷೆಯಾದದ್ದು ಕಿವಿಯೇ ಹೊರತು ಲೆಕ್ಕಪತ್ರವಲ್ಲ. ಹೊಂದಾಣಿಕೆ ಇರುವುದು ಈ ತಪ್ಪನ್ನು ಸರಿಪಡಿಸಲು.

ಖಾಸಗಿ ಕಂಪನಿಯಲ್ಲಿ ಶೇ. 4 ಮೀಸಲಾತಿ ಇದೆಯೇ?

ಇಲ್ಲ. ಕಾಯ್ದೆಯ 34ನೇ ಸೆಕ್ಷನ್ ಹೇಳುವ ಕನಿಷ್ಠ ಶೇ. 4 ಮೀಸಲಾತಿ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರ ವಿಷಯದಲ್ಲಿ 35ನೇ ಸೆಕ್ಷನ್ ಇದೆ. ಸಿಬ್ಬಂದಿಯಲ್ಲಿ ಕನಿಷ್ಠ ಶೇ. 5 ಮಂದಿ ವಿಕಲಚೇತನರು ಇರುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಎಂದು ಅದು ಹೇಳುತ್ತದೆ. ಅದು ಪ್ರೋತ್ಸಾಹ, ಕಡ್ಡಾಯವಲ್ಲ. ಆದ್ದರಿಂದ ಕಾರ್ಡ್ ತೋರಿಸಿ ‘ಕೆಲಸ ಕೊಡಲೇಬೇಕು’ ಎಂದು ಖಾಸಗಿ ಕಂಪನಿಯಲ್ಲಿ ವಾದಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಹಾಗೆಂದು ಖಾಸಗಿಯವರಿಗೆ ಯಾವ ಜವಾಬ್ದಾರಿಯೂ ಇಲ್ಲ ಎಂದೂ ಅಲ್ಲ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ ‘ಸಮಾನ ಅವಕಾಶ ನೀತಿ’ಯನ್ನು ಪ್ರಕಟಿಸಬೇಕು. ಇಲ್ಲಿ ಖಾಸಗಿ ಸಂಸ್ಥೆ ಎಂದರೆ ದೊಡ್ಡ ಕಂಪನಿಯಷ್ಟೇ ಅಲ್ಲ. ಸಹಕಾರಿ ಸಂಘ, ಟ್ರಸ್ಟ್, ಫ್ಯಾಕ್ಟರಿ, ಪಾಲುದಾರಿಕೆಯ ಸಂಸ್ಥೆ ಎಲ್ಲವನ್ನೂ ಕಾಯ್ದೆ ಹೆಸರಿಸಿದೆ. ಅಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಕೆಲಸ ಕೊಡುವ ಹೆಚ್ಚಿನವರು, ಗೇರುಬೀಜದ ಕಾರ್ಖಾನೆಯಿಂದ ಖಾಸಗಿ ಶಾಲೆಯ ಆಡಳಿತದವರೆಗೆ, ಇದರೊಳಗೆ ಬರುತ್ತಾರೆ.

2017ರ ಕೇಂದ್ರ ನಿಯಮಗಳ ಪ್ರಕಾರ 20 ಅಥವಾ ಹೆಚ್ಚು ಸಿಬ್ಬಂದಿ ಇರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಆಯ್ಕೆಯ ವಿಧಾನ ಹೇಗೆ ಎಂಬುದೂ ಇರಬೇಕು, ವಿಕಲಚೇತನರ ನೇಮಕಾತಿಯನ್ನು ನೋಡಿಕೊಳ್ಳಲು ಒಬ್ಬ ಸಂಪರ್ಕ ಅಧಿಕಾರಿಯನ್ನೂ ನೇಮಿಸಬೇಕು. ನೀತಿ ವೆಬ್‌ಸೈಟಿನಲ್ಲಿರಬೇಕು, ಇಲ್ಲದಿದ್ದರೆ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿರಬೇಕು. ಅರ್ಜಿ ಹಾಕುವ ಮೊದಲು ಅದನ್ನೊಮ್ಮೆ ಹುಡುಕಿ. ಸಿಕ್ಕಿದರೆ ನಿಮ್ಮ ಸಂದೇಶ ಯಾರ ಹೆಸರಿಗೆ ಹೋಗಬೇಕು ಎಂಬುದು ಅಲ್ಲೇ ತಿಳಿಯುತ್ತದೆ.

ಶೇ. 40 ಇದ್ದರೆ ಮಾತ್ರ ಕೇಳಬಹುದೇ?

ಇದು ಇನ್ನೊಂದು ಸಾಮಾನ್ಯ ತಪ್ಪು ತಿಳಿವಳಿಕೆ. ಮೀಸಲಾತಿಗೆ ಶೇ. 40ರ ಮಿತಿ ಇರುವುದು ನಿಜ. ಆದರೆ ಹೊಂದಾಣಿಕೆಗೆ ಆ ಮಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ಸ್ಪಷ್ಟಪಡಿಸಿತು.

ಆ ಪ್ರಕರಣ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯದ್ದು. ಬರೆಯುವಾಗ ಕೈ ಸೆಟೆದುಕೊಳ್ಳುವ ‘ರೈಟರ್ಸ್ ಕ್ರ್ಯಾಂಪ್’ ಸಮಸ್ಯೆ ಅವರಿಗಿತ್ತು. 2018ರ ನಾಗರಿಕ ಸೇವಾ ಪರೀಕ್ಷೆಗೆ ಬರೆಯುವ ಸಹಾಯಕರನ್ನು ಕೇಳಿದರು. ಕೇಂದ್ರ ಲೋಕಸೇವಾ ಆಯೋಗ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟು, ಶೇ. 40ರ ಅಳತೆ ಇರುವುದು ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ, ಹೊಂದಾಣಿಕೆಯನ್ನು ಅದಕ್ಕೆ ಕಟ್ಟಿಹಾಕುವಂತಿಲ್ಲ ಎಂದಿತು. ಆ ತೀರ್ಪಿನಂತೆ ಕೇಂದ್ರ ಸರ್ಕಾರ 2022ರ ಆಗಸ್ಟ್ 10ರಂದು, ಶೇ. 40ಕ್ಕಿಂತ ಕಡಿಮೆ ಇದ್ದರೂ ಬರೆಯಲು ಕಷ್ಟವಿರುವವರಿಗೆ ಪರೀಕ್ಷೆಯಲ್ಲಿ ಸಹಾಯಕರು ಸಿಗುವಂತೆ ಮಾರ್ಗಸೂಚಿ ಹೊರಡಿಸಿತು.

ಆದ್ದರಿಂದ ಸಂದರ್ಶನದಲ್ಲಿ ‘ಎಷ್ಟು ಪರ್ಸೆಂಟ್?’ ಎಂಬುದು ಮೊದಲ ಪ್ರಶ್ನೆಯಾಗಬಾರದು. ಪರ್ಸೆಂಟ್ ನೋಡಿದರೆ ಕಂಪನಿಯವರಿಗೆ ಏನು ಮಾಡಬೇಕೆಂದು ತಿಳಿಯುವುದೂ ಇಲ್ಲ. ಶೇ. 60 ಶ್ರವಣದೋಷ ಎಂದು ಬರೆದಿರುವ ಇಬ್ಬರಲ್ಲಿ ಒಬ್ಬರು ತುಟಿ ನೋಡಿ ಮಾತು ಹಿಡಿಯಬಹುದು, ಇನ್ನೊಬ್ಬರಿಗೆ ಸಂಜ್ಞಾ ಭಾಷೆಯೇ ಬೇಕಾಗಬಹುದು. ಕಾರ್ಡಿನಲ್ಲಿ ಇಬ್ಬರೂ ಒಂದೇ.

ಒಂದು ಉದಾಹರಣೆ: ಬೆಳ್ತಂಗಡಿಯಿಂದ ಮೂಡುಬಿದಿರೆಗೆ

ಇದು ವಿಷಯ ತಿಳಿಸಲು ನಾವೇ ಹೆಣೆದ ಪ್ರಸಂಗ. ಬೆಳ್ತಂಗಡಿ ತಾಲೂಕಿನ ಒಬ್ಬ ಯುವತಿ ಬಿ.ಕಾಂ. ಮುಗಿಸಿದ್ದಾರೆ, ಟ್ಯಾಲಿ ಕಲಿತಿದ್ದಾರೆ. ಎರಡೂ ಕಿವಿಗೆ ಶ್ರವಣ ಸಾಧನ ಹಾಕುತ್ತಾರೆ. ಮನೆಯಲ್ಲಿ ಎದುರು ಕುಳಿತು ಕನ್ನಡದಲ್ಲಿ ಮಾತಾಡಿದರೆ ಆರಾಮಾಗಿ ಉತ್ತರಿಸುತ್ತಾರೆ. ಮೂಡುಬಿದಿರೆಯ ಒಂದು ಗೇರುಬೀಜ ಕಾರ್ಖಾನೆಯ ಕಚೇರಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಖಾಲಿ ಇದೆ ಎಂದು ತಿಳಿದು ಬಯೋಡೇಟಾ ಕಳುಹಿಸಿದರು.

ಅವರ ದಾರಿಯಲ್ಲಿ ಮೂರು ಮೆಟ್ಟಿಲುಗಳಿವೆ. ಮೂರರಲ್ಲೂ ಅವರು ಲೆಕ್ಕಪತ್ರಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ ಎಡವಬಹುದು.

ಮೊದಲನೆಯದು ಫೋನ್ ಕರೆ. ಕಂಪನಿಯವರು ‘ಐದು ನಿಮಿಷ ಮಾತಾಡಿ ನೋಡೋಣ’ ಎಂದು ಕರೆ ಮಾಡುತ್ತಾರೆ. ಫೋನಿನಲ್ಲಿ ತುಟಿ ಕಾಣುವುದಿಲ್ಲ, ಧ್ವನಿಯ ಸೂಕ್ಷ್ಮಗಳೂ ಕಳೆದುಹೋಗುತ್ತವೆ. ಆಕೆ ಎರಡು ಸಲ ‘ಹಾಂ?’ ಎನ್ನುತ್ತಾರೆ, ಮೂರನೇ ಸಲ ಕೇಳಲು ಸಂಕೋಚವಾಗಿ ‘ಹೌದು ಸಾರ್’ ಎನ್ನುತ್ತಾರೆ. ಅತ್ತ ಕಡೆಯವರು ‘ಮಾತಿನಲ್ಲಿ ಚುರುಕಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಕಥೆ ಇಲ್ಲಿಗೇ ಮುಗಿಯಬಹುದು.

ಎರಡನೆಯದು ಗದ್ದಲ. ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ನಡೆಯುವ ಆಳ್ವಾಸ್ ಪ್ರಗತಿಯಂಥ ಉದ್ಯೋಗ ಮೇಳಗಳಲ್ಲಿ ಒಂದೇ ದಿನ ಸಾವಿರಾರು ಮಂದಿ ಸೇರುತ್ತಾರೆ. ಎಲ್ಲೇ ಆಗಲಿ, ಅಕ್ಕಪಕ್ಕದ ಮೇಜುಗಳಲ್ಲಿ ಒಟ್ಟಿಗೆ ಸಂದರ್ಶನ ನಡೆಯುತ್ತಿದ್ದರೆ ಶ್ರವಣ ಸಾಧನ ಎದುರಿನವರ ಮಾತನ್ನು ಮಾತ್ರ ದೊಡ್ಡದು ಮಾಡುವುದಿಲ್ಲ, ಪಕ್ಕದ ಮೇಜಿನ ಮಾತು, ಫ್ಯಾನಿನ ಸದ್ದು ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಹೊಸ ಸಾಧನಗಳು ಗದ್ದಲವನ್ನು ಸ್ವಲ್ಪ ತಗ್ಗಿಸುತ್ತವೆ, ಪೂರ್ತಿಯಾಗಿ ಅಲ್ಲ. ಕನ್ನಡಕ ಹಾಕಿದ ಕೂಡಲೇ ಅಕ್ಷರ ಸ್ಪಷ್ಟವಾಗುವ ಹಾಗೆ ಸಾಧನ ಹಾಕಿದ ಕೂಡಲೇ ಮಾತು ಸ್ಪಷ್ಟವಾಗುತ್ತದೆ ಎಂಬ ನಂಬಿಕೆ ತಪ್ಪಾಗುವುದು ಇಲ್ಲೇ. ಹೆಚ್ಚಿನವರಿಗೆ ಒಂದೆರಡು ಮೀಟರ್ ದೂರದೊಳಗೆ, ಸದ್ದಿಲ್ಲದ ಕೋಣೆಯಲ್ಲಿ ಸಾಧನ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಶೀಟ್ ಹಾಕಿದ ಮಾಡಿನ ಕೆಳಗೆ ಕೂತರೆ ಚೆನ್ನಾಗಿ ಕಿವಿ ಕೇಳುವವರಿಗೇ ಮಾತು ತಿಳಿಯದು, ಸಾಧನ ಹಾಕಿದವರ ಪಾಡು ಕೇಳುವುದೇ ಬೇಡ.

ಮೂರನೆಯದು ತುಟಿ ಮತ್ತು ಭಾಷೆ. ತುಟಿ ನೋಡಿ ಎಲ್ಲವನ್ನೂ ಓದಬಹುದು ಎಂದು ನಾವು ಸಿನಿಮಾ ನೋಡಿ ನಂಬಿದ್ದೇವೆ. ಕನ್ನಡಿಯ ಮುಂದೆ ನಿಂತು ಸ್ವರ ಹೊರಡಿಸದೆ ‘ಪಾಲು’ ಮತ್ತು ‘ಮಾಲು’ ಎಂದು ಹೇಳಿ ನೋಡಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ ಮತ್ತು ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ಇಂಗ್ಲಿಷಿನ ಫಿಫ್ಟೀನ್ ಮತ್ತು ಫಿಫ್ಟಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ತುಟಿ ಓದುವವರು ಕಂಡಷ್ಟನ್ನು ಕಂಡು, ಕೇಳಿಸಿದಷ್ಟನ್ನು ಕೇಳಿ, ಉಳಿದದ್ದನ್ನು ಸಂದರ್ಭದಿಂದ ಊಹಿಸುತ್ತಾರೆ. ಆ ಊಹೆಗೆ ಮುಖದ ಮೇಲೆ ಬೆಳಕು ಬೇಕು, ಯಾವ ಭಾಷೆಯ ಮಾತು ಎಂಬುದು ಗೊತ್ತಿರಬೇಕು.

ನಮ್ಮ ಕಡೆ ಈ ಎರಡನೆಯದೇ ದೊಡ್ಡ ತೊಡಕು. ಸಂದರ್ಶಕರು ಇಂಗ್ಲಿಷಿನಲ್ಲಿ ಆರಂಭಿಸುತ್ತಾರೆ, ಕನ್ನಡಕ್ಕೆ ಬರುತ್ತಾರೆ, ಹುಡುಗಿ ಹೆದರಿದ್ದಾಳೆ ಎಂದು ಅನಿಸಿದರೆ ‘ಇಲ್ಲ್ ಓಲು?’ ಎಂದು ತುಳುವಿನಲ್ಲಿ ಕೇಳುತ್ತಾರೆ. ಅವರು ಕೇಳಿದ್ದು ಪ್ರೀತಿಯಿಂದಲೇ. ಆದರೆ ಕನ್ನಡದ ವಾಕ್ಯ ಬರುತ್ತದೆಂದು ಕಾದಿದ್ದವರಿಗೆ ಆ ಎರಡು ಪದ ಗೊತ್ತಿದ್ದರೂ ಹಿಡಿಯಲಾಗದೆ ಹೋಗುತ್ತದೆ. ಮನೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಡದ ಅಭ್ಯರ್ಥಿ ಎಂದು ಅವರ ಬಗ್ಗೆ ಅಭಿಪ್ರಾಯ ಮೂಡುತ್ತದೆ.

ಹಾಗಾದರೆ ಯಾವಾಗ ಹೇಳಬೇಕು?

ಈಗ ಮೊದಲ ಸಲಹೆಗೆ ಬರೋಣ. ‘ಬಯೋಡೇಟಾದಲ್ಲೇ ಹೇಳಬೇಡ’ ಎಂಬುದರಲ್ಲಿ ಸ್ವಲ್ಪ ಸತ್ಯವಿದೆ. ಬಯೋಡೇಟಾ ನೋಡುವವರು ನಿಮ್ಮ ಓದು, ಅನುಭವ ನೋಡುವ ಮೊದಲೇ ಆ ಒಂದು ಸಾಲಿನಲ್ಲಿ ನಿಂತುಬಿಡುವ ಸಾಧ್ಯತೆ ಇದೆ. ಮೀಸಲಾತಿಯ ಹುದ್ದೆಯಾದರೆ ಅರ್ಜಿಯಲ್ಲೇ ಹೇಳಲೇಬೇಕು. ಇಲ್ಲದಿದ್ದರೆ ಬಯೋಡೇಟಾದಲ್ಲಿ ಹೇಳಲೇಬೇಕಾದ ಅಗತ್ಯವಿಲ್ಲ. ‘ವಾಟ್ಸ್ಆ್ಯಪ್ ಅಥವಾ ಇಮೇಲ್ ಮೂಲಕ ಸಂಪರ್ಕಿಸಿ’ ಎಂದು ಫೋನ್ ನಂಬರ್ ಪಕ್ಕ ಬರೆದರೆ ಮೊದಲ ಮೆಟ್ಟಿಲಿನ ತೊಡಕು ಬಹುಪಾಲು ತಪ್ಪುತ್ತದೆ.

ಆದರೆ ‘ಕೆಲಸ ಸಿಕ್ಕಿದ ಮೇಲೆ ಹೇಳು’ ಎಂಬುದು ಸಂದರ್ಶನದಲ್ಲೇ ತೊಡಕಾಗುವವರಿಗೆ ಹೊಂದದ ಸಲಹೆ. ಸಂದರ್ಶನಕ್ಕೆ ಕರೆ ಬಂದ ಕೂಡಲೇ, ಕನಿಷ್ಠ ಮೂರು ನಾಲ್ಕು ದಿನ ಮೊದಲು ಹೇಳುವುದು ಸರಿಯಾದ ಸಮಯ. ಅಷ್ಟು ಹೊತ್ತಿಗೆ ನಿಮ್ಮ ಓದು ನೋಡಿಯೇ ಅವರು ಕರೆದಿರುತ್ತಾರೆ, ಕೋಣೆ ಬದಲಿಸಲು ಅವರಿಗೂ ಸಮಯವಿರುತ್ತದೆ. ಬಾಗಿಲಲ್ಲಿ ನಿಂತು ಹೇಳಿದರೆ ಒಳ್ಳೆಯ ಮನಸ್ಸಿನವರಿಗೂ ಏನೂ ಮಾಡಲಾಗದು.

ಹೇಳುವುದನ್ನು ಬರಹದಲ್ಲೇ ಹೇಳಿ. ನಮ್ಮ ಉದಾಹರಣೆಯ ಯುವತಿ ಹೀಗೆ ಬರೆಯಬಹುದು:

‘ನಮಸ್ಕಾರ. ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಯ ಸಂದರ್ಶನಕ್ಕೆ ಸೋಮವಾರ ಬೆಳಗ್ಗೆ 11 ಗಂಟೆಗೆ ಬರುತ್ತೇನೆ. ನನಗೆ ಶ್ರವಣದೋಷವಿದೆ, ಶ್ರವಣ ಸಾಧನ ಬಳಸುತ್ತೇನೆ. ಎದುರಿನಿಂದ ಒಬ್ಬರು ಮಾತಾಡಿದರೆ ತಿಳಿಯುತ್ತದೆ. ಸಂದರ್ಶನಕ್ಕೆ ಮೂರು ವಿಷಯ ಕೋರುತ್ತೇನೆ. 1. ಸದ್ದು ಕಡಿಮೆ ಇರುವ, ಬಾಗಿಲು ಹಾಕಬಹುದಾದ ಕೋಣೆ. 2. ಪ್ರಶ್ನೆಗಳು ಕನ್ನಡ ಅಥವಾ ಇಂಗ್ಲಿಷ್, ಯಾವುದಾದರೂ ಒಂದೇ ಭಾಷೆಯಲ್ಲಿ, ಒಬ್ಬರ ನಂತರ ಒಬ್ಬರು ಕೇಳುವುದು. 3. ಸಂಖ್ಯೆ, ಮೊತ್ತ ಇರುವ ಪ್ರಶ್ನೆಗಳನ್ನು ಬರೆದು ತೋರಿಸುವುದು. ಟ್ಯಾಲಿ ಪರೀಕ್ಷೆಗೆ ಬೇರೆ ಬದಲಾವಣೆ ಬೇಡ. ಇದು ಸಾಧ್ಯವೇ ಎಂದು ಇಲ್ಲೇ ಉತ್ತರಿಸಿದರೆ ಉಪಕಾರವಾಗುತ್ತದೆ.’

ಈ ಸಂದೇಶದಲ್ಲಿ ವೈದ್ಯಕೀಯ ಇತಿಹಾಸ ಇಲ್ಲ. ಹುಟ್ಟಿನಿಂದಲೋ ಜ್ವರ ಬಂದ ಮೇಲೋ ಎಂಬುದು ಕಂಪನಿಗೆ ಬೇಡದ ವಿಷಯ. ಏನು ಆಗುವುದಿಲ್ಲ ಎನ್ನುವುದಕ್ಕಿಂತ ಏನಿದ್ದರೆ ಆಗುತ್ತದೆ ಎಂಬುದೇ ಹೆಚ್ಚಿದೆ. ಏನು ಬೇಡ ಎಂಬುದನ್ನೂ ಹೇಳಿರುವುದರಿಂದ ಪರೀಕ್ಷೆಯೇ ಸುಲಭವಾಗಬೇಕು ಎಂದು ಆಕೆ ಕೇಳುತ್ತಿಲ್ಲ ಎಂಬುದು ಓದುವವರಿಗೆ ಗೊತ್ತಾಗುತ್ತದೆ. ‘ದಯವಿಟ್ಟು ಸಹಕರಿಸಿ’ ಎಂದಷ್ಟೇ ಬರೆದಿದ್ದರೆ ಎದುರಿನವರು ಏನು ಮಾಡಬೇಕೆಂದು ತಿಳಿಯದೆ ಸುಮ್ಮನಾಗುತ್ತಿದ್ದರು.

ಸಂಜ್ಞಾ ಭಾಷೆ ಬಳಸುವವರು ಇನ್ನೂ ಬೇಗ, ಒಂದು ವಾರ ಮೊದಲಾದರೂ ಹೇಳುವುದು ಒಳ್ಳೆಯದು. ತಾಲೂಕು ಮಟ್ಟದಲ್ಲಿ ದುಭಾಷಿ ಸಿಗುವುದು ಕಷ್ಟ, ವಿಡಿಯೋ ಕರೆಯಲ್ಲಿ ಬರುವವರನ್ನು ಗೊತ್ತು ಮಾಡಬೇಕಾಗಬಹುದು. ಅಮ್ಮನನ್ನೋ ಅಣ್ಣನನ್ನೋ ದುಭಾಷಿಯಾಗಿ ಕರೆದೊಯ್ದರೆ ಅವರು ತಮಗರಿವಿಲ್ಲದೆ ನಿಮ್ಮ ಪರವಾಗಿ ತಾವೇ ಉತ್ತರಿಸಿಬಿಡುತ್ತಾರೆ. ಸಂದರ್ಶಕರೂ ನಿಮ್ಮನ್ನು ಬಿಟ್ಟು ಅವರೊಡನೆ ಮಾತಿಗಿಳಿಯುತ್ತಾರೆ.

ಕಂಪನಿಯವರು ಏನು ಮಾಡಬೇಕು?

ಸಂದೇಶ ಬಂದ ದಿನವೇ, ತಪ್ಪಿದರೆ ಮರುದಿನ, ಬರಹದಲ್ಲೇ ಉತ್ತರ ಕೊಡಬೇಕು. ‘ನೋಡೋಣ, ಬನ್ನಿ’ ಎಂಬುದು ಉತ್ತರವಲ್ಲ. ‘ಮೊದಲ ಎರಡು ವ್ಯವಸ್ಥೆ ಆಗುತ್ತದೆ. ಮೂರನೆಯದಕ್ಕೆ ಪ್ರಶ್ನೆಗಳನ್ನೆಲ್ಲ ಟೈಪ್ ಮಾಡಿ ಇಟ್ಟಿರುತ್ತೇವೆ. ಬೇರೆ ಏನಾದರೂ ಬೇಕೇ?’ ಎಂಬುದು ಉತ್ತರ. ಕೊನೆಯ ಆ ಪ್ರಶ್ನೆ ಮುಖ್ಯ. ಯಾವುದು ಸಹಾಯವಾಗುತ್ತದೆ ಎಂಬುದು ಅಭ್ಯರ್ಥಿಗೇ ಗೊತ್ತು, ನಾವು ಊಹಿಸಿ ಮಾಡಿದ ಉಪಕಾರ ಉಪದ್ರವವಾಗಬಹುದು. ಜೋರಾಗಿ ಕೂಗಿ ಮಾತಾಡುವುದು ಇದಕ್ಕೆ ಒಳ್ಳೆಯ ಉದಾಹರಣೆ. ಕೂಗಿದಾಗ ತುಟಿಯ ಚಲನೆ ವಿಕಾರವಾಗುತ್ತದೆ, ಸಾಧನದಲ್ಲಿ ಧ್ವನಿ ಒಡೆಯುತ್ತದೆ. ಮಾಮೂಲಿ ಧ್ವನಿಯಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡಿದರೆ ಸಾಕು.

ಸಂದರ್ಶನದ ದಿನ ಮಾಡಬೇಕಾದ ಕೆಲಸ ಹೆಚ್ಚಿಲ್ಲ. ಸಂದರ್ಶಕರು ಕಿಟಕಿಗೆ ಬೆನ್ನು ಹಾಕಿ ಕೂರಬಾರದು. ಹಾಗೆ ಕೂತರೆ ಮುಖ ಕತ್ತಲಾಗಿ ತುಟಿ ಕಾಣದು. ಮೇಜಿನ ಅಗಲದಷ್ಟೇ ದೂರವಿರಲಿ. ಫೈಲು ನೋಡುತ್ತಾ ತಲೆ ತಗ್ಗಿಸಿ ಪ್ರಶ್ನೆ ಕೇಳಬೇಡಿ. ಬಿಳಿ ಹಾಳೆ, ಪೆನ್ನು ಮೇಜಿನ ಮೇಲಿರಲಿ. ಮಾತನ್ನು ಬರಹವಾಗಿ ತೋರಿಸುವ ಆ್ಯಪ್‌ಗಳನ್ನು ಅಭ್ಯರ್ಥಿ ತಮ್ಮ ಫೋನಿನಲ್ಲಿ ಬಳಸುವುದಾದರೆ ಬಿಡಿ, ಆದರೆ ಭಾಷೆ ಬೆರೆತಾಗ ಅವು ತಪ್ಪುವುದರಿಂದ ಹಾಳೆ, ಪೆನ್ನಿನ ಜಾಗವನ್ನು ಅವು ತುಂಬಲಾರವು. ಬರೆದು ತೋರಿಸಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಉಳಿದವರಿಗೆ 20 ನಿಮಿಷವಾದರೆ ಇವರಿಗೆ 30 ನಿಮಿಷ ಇಟ್ಟುಕೊಳ್ಳಿ. ಟ್ಯಾಲಿ ಪರೀಕ್ಷೆ ಎಲ್ಲರಿಗೂ ಕೊಟ್ಟದ್ದೇ ಇರಲಿ, ಅಂಕವೂ ಅದೇ ಅಳತೆಯಲ್ಲಿರಲಿ.

ಹೊಂದಾಣಿಕೆ ಕೆಲಸ ಮಾಡುತ್ತಿಲ್ಲ ಎಂದು ಹೇಗೆ ತಿಳಿಯುವುದು? ಅಭ್ಯರ್ಥಿ ಪ್ರತಿ ಮಾತಿಗೂ ನಗುತ್ತಾ ತಲೆಯಾಡಿಸುತ್ತಿದ್ದರೆ, ಕೇಳಿದ್ದೊಂದು ಉತ್ತರ ಇನ್ನೊಂದಾಗುತ್ತಿದ್ದರೆ ಪ್ರಶ್ನೆ ತಲುಪಿಲ್ಲ ಎಂದೇ ಅರ್ಥ. ಆಗ ಅದೇ ವಾಕ್ಯವನ್ನು ಮೂರನೇ ಬಾರಿ ಹೇಳಬೇಡಿ. ಬೇರೆ ಪದಗಳಲ್ಲಿ ಕೇಳಿ, ಇಲ್ಲವೇ ಬರೆಯಿರಿ. ‘ಅರ್ಥವಾಯಿತಾ?’ ಎಂದು ಕೇಳಿದರೆ ಯಾರಾದರೂ ಹೌದು ಎನ್ನುತ್ತಾರೆ. ‘ನಾನು ಕೇಳಿದ್ದೇನು ಹೇಳಿ’ ಎಂದರೆ ನಿಜ ಗೊತ್ತಾಗುತ್ತದೆ. ಅಭ್ಯರ್ಥಿಯೂ ಅಷ್ಟೇ, ‘ಹಾಂ?’ ಎನ್ನುವ ಬದಲು ‘ಡೆಬಿಟ್ ನೋಟ್ ಬಗ್ಗೆ ಕೇಳಿದಿರಿ, ಮೊತ್ತ ತಿಳಿಯಲಿಲ್ಲ’ ಎಂದರೆ ಎಷ್ಟು ಕೇಳಿಸಿತು, ಎಷ್ಟು ಬಿಟ್ಟುಹೋಯಿತು ಎಂಬುದು ಸ್ಪಷ್ಟವಾಗುತ್ತದೆ. ಮಳೆಗಾಲದಲ್ಲಿ ಸಾಧನಕ್ಕೆ ತೇವ ತಾಗಿ ನಿಂತುಹೋಗುವುದು ಸಾಮಾನ್ಯ. ವೇಣೂರು ದಾರಿಯಾಗಿ ಬಸ್ಸಿನಲ್ಲಿ ನೆನೆದು ಬರುವವರು ಸಾಧನವನ್ನು ಒಣ ಡಬ್ಬಿಯಲ್ಲಿ ತಂದು ಅಲ್ಲಿ ಹಾಕಿಕೊಂಡರೆ, ಜೊತೆಗೊಂದು ಜೋಡಿ ಬ್ಯಾಟರಿ ಇಟ್ಟುಕೊಂಡರೆ ಆ ತೊಂದರೆ ತಪ್ಪುತ್ತದೆ.

ಇಷ್ಟಕ್ಕೆಲ್ಲ ಖರ್ಚೆಷ್ಟು? ಹಾಳೆ, ಪೆನ್ನು, ಹತ್ತು ನಿಮಿಷ. ಖರ್ಚಿರುವ ಹೊಂದಾಣಿಕೆಯೂ ಉಂಟು, ಉದಾಹರಣೆಗೆ ಸಂಜ್ಞಾ ಭಾಷೆಯ ದುಭಾಷಿಯ ಸಂಭಾವನೆ. ಹೊಂದಾಣಿಕೆಯ ಖರ್ಚನ್ನು ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ಅಂಗವಿಕಲ ವ್ಯಕ್ತಿಯೇ ಭರಿಸಬೇಕೆಂದು ಯಾವ ಸಂಸ್ಥೆಯೂ ಒತ್ತಾಯಿಸುವಂತಿಲ್ಲ ಎಂದು 2017ರ ಕೇಂದ್ರ ನಿಯಮಗಳ 3ನೇ ನಿಯಮ ಹೇಳುತ್ತದೆ.

ಬೇರೆ ಅಂಗವೈಕಲ್ಯಕ್ಕೂ ದಾರಿ ಇದೇ. ಬಿ.ಸಿ.ರೋಡಿನಲ್ಲಿ ಮೊದಲ ಮಹಡಿಯಲ್ಲಿರುವ, ಲಿಫ್ಟ್ ಇಲ್ಲದ ಕಚೇರಿಗೆ ಗಾಲಿಕುರ್ಚಿ ಬಳಸುವವರನ್ನು ಕರೆದಿದ್ದರೆ ಸರಿಯಾದ ಹೊಂದಾಣಿಕೆ ನಾಲ್ಕು ಜನ ಸೇರಿ ಅವರನ್ನು ಎತ್ತಿಕೊಂಡು ಹೋಗುವುದಲ್ಲ, ಸಂದರ್ಶನವನ್ನೇ ಕೆಳಗೆ ಇಳಿಸುವುದು. ದೃಷ್ಟಿದೋಷವಿರುವವರಿಗೆ ಪ್ರಶ್ನೆಯನ್ನು ಓದಿ ಹೇಳುವುದು ಅಥವಾ ದಪ್ಪ ಅಕ್ಷರದಲ್ಲಿ ಕೊಡುವುದು, ತೊದಲುವವರಿಗೆ ವಾಕ್ಯ ಮುಗಿಸಲು ಸಮಯ ಕೊಡುವುದು, ಅವರ ವಾಕ್ಯವನ್ನು ನಾವು ಮುಗಿಸದೆ ಇರುವುದು.

ಕಂಪನಿ ಬೇಡ ಎನ್ನಬಹುದಾದ ಸಂದರ್ಭ ಇಲ್ಲವೇ?

ಇದೆ. ಹೊರೆ ಮಿತಿಮೀರಿದ್ದರೆ, ಇಲ್ಲವೇ ಕೇಳಿದ ಬದಲಾವಣೆ ಕೆಲಸದ ತಿರುಳನ್ನೇ ತೆಗೆದುಹಾಕುವಂತಿದ್ದರೆ ಕಂಪನಿಗೆ ಕಾರಣ ಸಿಗುತ್ತದೆ. ದಿನವಿಡೀ ಗ್ರಾಹಕರ ಫೋನ್ ಕರೆ ಸ್ವೀಕರಿಸುವುದೇ ಕೆಲಸವಾಗಿದ್ದರೆ ಫೋನಿನಲ್ಲಿ ಮಾತಾಡಿಸಿ ನೋಡುವುದು ನ್ಯಾಯವೇ. ಆದರೆ ಅಕೌಂಟ್ಸ್ ಕೆಲಸದಲ್ಲಿ ದಿನಕ್ಕೆ ಎರಡು ಕರೆ ಬರುತ್ತವೆ ಎಂದು ಫೋನ್ ಪರೀಕ್ಷೆ ಇಟ್ಟರೆ ಅದು ತಿರುಳಲ್ಲ. ಆ ಎರಡು ಕರೆಯನ್ನು ಪಕ್ಕದವರು ನೋಡಿಕೊಂಡು ಅವರ ವೋಚರ್ ಕೆಲಸವನ್ನು ಇವರಿಗೆ ಕೊಡಬಹುದು. ಯಾವುದು ತಿರುಳು ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಈಗ ಆ ಕೆಲಸ ಮಾಡುತ್ತಿರುವವರು ಒಂದು ವಾರ ಏನೇನು ಮಾಡುತ್ತಾರೆ ಎಂದು ಬರೆದು ನೋಡಿ. ಜಾಹೀರಾತಿನಲ್ಲಿ ‘ಉತ್ತಮ ಸಂವಹನ ಕೌಶಲ ಬೇಕು’ ಎಂದು ಅಭ್ಯಾಸಬಲದಿಂದ ಹಾಕಿದ ಸಾಲು ಎಷ್ಟು ನಿಜ ಎಂದು ಅದರಿಂದಲೇ ಗೊತ್ತಾಗುತ್ತದೆ.

ಕೇಳಿದ್ದನ್ನು ಕೊಡಲಾಗದಿದ್ದರೆ ಬೇರೆ ದಾರಿ ಸೂಚಿಸುವುದು ಒಳ್ಳೆಯ ಉತ್ತರ. ಕೋಣೆ ಇಲ್ಲದಿದ್ದರೆ ಊಟದ ಹೊತ್ತಿಗೆ ಕಚೇರಿ ಖಾಲಿಯಾದಾಗ ಕರೆಯಬಹುದು. ಉದ್ಯೋಗ ಮೇಳದಲ್ಲಾದರೆ ‘ಇಲ್ಲಿ ಬಯೋಡೇಟಾ ಮಾತ್ರ ಕೊಡಿ, ಬುಧವಾರ ಕಚೇರಿಗೆ ಬನ್ನಿ’ ಎನ್ನಬಹುದು.

ಉತ್ತರವೇ ಬರದಿದ್ದರೆ?

ಮೊದಲು ಅದೇ ಸಂದೇಶವನ್ನು ಇನ್ನೊಮ್ಮೆ ಕಳುಹಿಸಿ, ಉತ್ತರ ಬೇಕಾದ ದಿನವನ್ನು ನಮೂದಿಸಿ. ಸಂದರ್ಶನಕ್ಕೆ ಹೋಗುವುದನ್ನು ಬಿಡಬೇಡಿ, ಸಂದೇಶದ ಮುದ್ರಿತ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಹೋಗಿ ಕೂತ ಕೂಡಲೇ ತೋರಿಸಿ. ಎಷ್ಟೋ ಸಲ ಸಂದೇಶ ಕಚೇರಿಗೆ ಬಂದಿರುತ್ತದೆ, ಸಂದರ್ಶನ ಮಾಡುವವರಿಗೆ ತಲುಪಿರುವುದಿಲ್ಲ.

ಆಮೇಲೂ ತಾರತಮ್ಯವಾಗಿದೆ ಎನಿಸಿದರೆ ಸಂಸ್ಥೆಯ ಮುಖ್ಯಸ್ಥರಿಗೆ ಲಿಖಿತ ದೂರು ಕೊಡಬಹುದು. ಅದೇ 3ನೇ ನಿಯಮದಂತೆ ಅವರು ಕ್ರಮ ಕೈಗೊಳ್ಳಬೇಕು, ಇಲ್ಲವೇ ತಮ್ಮ ನಡೆ ಹೇಗೆ ಸರಿ ಎಂಬುದನ್ನು ಬರಹದಲ್ಲಿ ತಿಳಿಸಬೇಕು. ಅದೂ ಸಮಾಧಾನ ತರದಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಸಲ್ಲಿಸಬಹುದು. ದೂರನ್ನು 60 ದಿನದೊಳಗೆ ಇತ್ಯರ್ಥಪಡಿಸಬೇಕೆಂದು ನಿಯಮ ಹೇಳುತ್ತದೆ. ಸರ್ಕಾರಿ ಸಂಸ್ಥೆಯಾದರೆ ದಾರಿ ಇನ್ನೂ ನೇರ. 20ನೇ ಸೆಕ್ಷನ್ ಪ್ರಕಾರ ಹೊಂದಾಣಿಕೆ ಕೊಡುವುದು ಅವರ ಕರ್ತವ್ಯ, 23ನೇ ಸೆಕ್ಷನ್ ಪ್ರಕಾರ ಕುಂದುಕೊರತೆ ಅಧಿಕಾರಿಯೂ ಇರಬೇಕು.

ಇದರ ಮಿತಿಯನ್ನೂ ತಿಳಿದಿರಬೇಕು. ಆಯುಕ್ತರು ಕೊಡುವುದು ಶಿಫಾರಸು. ಅದನ್ನು ಒಪ್ಪದಿದ್ದರೆ ಕಾರಣವನ್ನು ಮೂರು ತಿಂಗಳೊಳಗೆ ತಿಳಿಸಬೇಕು ಎಂಬುದು ಕಾಯ್ದೆಯ ಮಾತು. ಅಷ್ಟರಲ್ಲಿ ಆ ಹುದ್ದೆ ಭರ್ತಿಯಾಗಿರುತ್ತದೆ. ಅಂದರೆ ಕೈತಪ್ಪಿದ ಕೆಲಸ ದೂರಿನಿಂದ ಮರಳಿ ಸಿಗುವುದು ಅಪರೂಪ. ದೂರಿನ ನಿಜವಾದ ಉಪಯೋಗ ಮುಂದಿನ ಅಭ್ಯರ್ಥಿಗೆ. ನಿಮಗೆ ಉಪಯೋಗವಾಗುವುದು ಸಂದರ್ಶನಕ್ಕೆ ಮೊದಲು ಕಳುಹಿಸಿದ ಆ ಎಂಟು ಹತ್ತು ಸಾಲಿನ ಸಂದೇಶವೇ. ದೂರು ಕೊಡಬೇಕಾಗಿ ಬಂದರೂ ಅದೇ ನಿಮ್ಮ ಸಾಕ್ಷಿ, ಆದ್ದರಿಂದ ಅಳಿಸಬೇಡಿ.

ಸಂದೇಶ ಬರೆಯಲು ನೆರವು ಬೇಕಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಪಿಂಚಣಿ, ಕಾರ್ಡಿನ ಕೆಲಸಕ್ಕೆ ಅವರ ಬಳಿ ಹೋಗುವವರು ಇದಕ್ಕೂ ಹೋಗಬಹುದು.

ಒಟ್ಟಿನಲ್ಲಿ ತಿಳಿಯಬೇಕಾದದ್ದು

ಖಾಸಗಿ ಕೆಲಸದಲ್ಲಿ ಶೇ. 4 ಮೀಸಲಾತಿ ಎಂಬ ಫಾರ್ವರ್ಡ್ ತಪ್ಪು. ಶೇ. 40 ಇಲ್ಲದವರು ಹೊಂದಾಣಿಕೆ ಕೇಳುವಂತಿಲ್ಲ ಎಂಬುದೂ ತಪ್ಪು. ‘ಮೊದಲೇ ಹೇಳಬೇಡ’ ಎಂಬುದು ಬಯೋಡೇಟಾಕ್ಕೆ ಹೊಂದಬಹುದು, ಸಂದರ್ಶನಕ್ಕೆ ಹೊಂದದು. ಮುಂದಿನ ಸಲ ‘ನೇರ ಸಂದರ್ಶನ’ದ ಸಂದೇಶ ಗ್ರೂಪಿಗೆ ಬಂದಾಗ ನೀವೇ ಕೆಲಸ ಕೊಡುವವರಾಗಿದ್ದರೆ ಅದರ ಕೊನೆಗೆ ಒಂದು ಸಾಲು ಸೇರಿಸಿ: ‘ಅಂಗವೈಕಲ್ಯದ ಕಾರಣ ಸಂದರ್ಶನದಲ್ಲಿ ಏನಾದರೂ ವ್ಯವಸ್ಥೆ ಬೇಕಿದ್ದರೆ ಈ ನಂಬರಿಗೆ ಮೆಸೇಜ್ ಮಾಡಿ.’ ಕೇಳಲು ಸಂಕೋಚಪಡುವ ಅಭ್ಯರ್ಥಿಗೆ ಕೇಳಬಹುದು ಎಂದು ಗೊತ್ತಾಗುವುದು ಆ ಸಾಲಿನಿಂದಲೇ.